ಗುಂಡಿಬೈಲಿನ ನಮ್ಮ ಗುಂಪಿಗೆ ಸ್ವಾಗತ: ಹೊಸದಾಗಿ ಬಂದವರು ಒಮ್ಮೆ ಪೂರ್ತಿ ಓದಿ

ಎಲ್ಲರಿಗೂ ನಮಸ್ಕಾರ.

ಈ ಜೂನ್‌ನಲ್ಲಿ ನಮ್ಮ ಓಣಿಗೆ 11 ಮನೆಯವರು ಹೊಸದಾಗಿ ಬಂದಿದ್ದೀರಿ. ನಿನ್ನೆ ರಾತ್ರಿ ನಿಮ್ಮೆಲ್ಲರ ನಂಬರನ್ನು ಗುಂಪಿಗೆ ಸೇರಿಸಿದ್ದೇನೆ. ಹುಬ್ಬಳ್ಳಿ ಕಡೆಯಿಂದ ಬಂದವರಿದ್ದೀರಿ, ಕುಂದಾಪುರದವರಿದ್ದೀರಿ, ಮೂರು ಮನೆಯವರು ಮೊದಲ ಸಲ ಕರಾವಳಿಯ ಮಳೆ ನೋಡುವವರು. ಬಂದದ್ದು ಸಂತೋಷ. ಏನು ಬೇಕಿದ್ದರೂ ಸಂಕೋಚ ಇಲ್ಲದೆ ಕೇಳಿ.

ಮೊದಲು ಒಂದು ಕೆಲಸ ಮಾಡಿ: ನಿಮ್ಮ ಹೆಸರು, ಯಾವ ಮನೆ, ಮನೆಯಲ್ಲಿ ವಯಸ್ಸಾದವರೋ ಎಳೆಮಕ್ಕಳೋ ಇದ್ದಾರಾ, ಇಷ್ಟನ್ನು ಒಂದೇ ಸಾಲಲ್ಲಿ ಬರೆದು ಹಾಕಿ. ಯಾಕೆ ಕೇಳುತ್ತೇನೆ ಅಂದರೆ, ಇಲ್ಲಿ ಇಂದ್ರಾಣಿ ತೋಡು ನಮ್ಮ ಹಿತ್ತಿಲಿನ ಪಕ್ಕದಲ್ಲೇ ಹೋಗುತ್ತದೆ. ಬೇಸಿಗೆಯಲ್ಲಿ ನೋಡಿದರೆ ಇದಾ ತೋಡು ಅನ್ನಿಸೀತು. 2020ರ ಸೆಪ್ಟೆಂಬರ್ 20ರ ಬೆಳಗ್ಗೆ ಅದೇ ತೋಡು ಉಕ್ಕಿ ಕಲ್ಸಂಕ, ಬೈಲಕೆರೆ, ಗುಂಡಿಬೈಲು ಎಲ್ಲ ನೀರಾಗಿತ್ತು.

ಆ ದಿನ ನಡೆದದ್ದನ್ನು ಹೇಳಲೇಬೇಕು. ಆಗ ಈ ಗುಂಪು ಚೌತಿಯ ಲೆಕ್ಕ ಹಾಕಲಿಕ್ಕೆ ಅಂತ ಇದ್ದದ್ದು. ತೋಡಿನ ಬದಿಯ ಮನೆಯಲ್ಲಿ ಒಬ್ಬರೇ ಇದ್ದ ಅಜ್ಜಿ ಬೆಳಗಿನ ಜಾವ 4 ಗಂಟೆ 10 ನಿಮಿಷಕ್ಕೆ ‘ಜಗಲಿಗೆ ನೀರು ಬಂತು’ ಅಂತ ಬರೆದಿದ್ದರು. ಅದು ಭಾನುವಾರ. ಐದೂವರೆಯಿಂದ ಶುಭೋದಯದ ಚಿತ್ರಗಳು ಶುರುವಾದವು: ಹೂವು, ದೀಪ, ದೇವರು, ಕಾಫಿ ಲೋಟ. ನಾನು ಏಳು ಗಂಟೆಗೆ ನೋಡುವಾಗ ಅಜ್ಜಿಯ ಮೂರು ಶಬ್ದ 38 ಚಿತ್ರಗಳ ಅಡಿಯಲ್ಲಿತ್ತು. ನಾವು ಹೋದಾಗ ಅವರು ಮಂಚದ ಮೇಲೆ ಇನ್ನೊಂದು ಸ್ಟೂಲು ಇಟ್ಟು, ಪಾಸ್‌ಬುಕ್ಕಿನ ಚೀಲ ಮಡಿಲಲ್ಲಿಟ್ಟು ಕುಳಿತಿದ್ದರು. ನೀರು ಮಂಚದ ಕಾಲಿನ ಅರ್ಧಕ್ಕೆ ಬಂದಿತ್ತು. ‘ಎಲ್ಲರೂ ಮಲಗಿದ್ದೀರಿ ಅಂದುಕೊಂಡೆ ಟೀಚರಕ್ಕ’ ಅಂದರು. ನಾವು ಮಲಗಿರಲಿಲ್ಲ, ಹೂವಿನ ಚಿತ್ರ ಕಳಿಸುತ್ತಾ ಇದ್ದೆವು. ಅದರಲ್ಲಿ ನನ್ನದೂ ಒಂದಿತ್ತು.

ಅದಕ್ಕೇ ಇಲ್ಲಿ ಶುಭೋದಯ, ಶುಭರಾತ್ರಿ, ಹಬ್ಬದ ಕಾರ್ಡು ಬೇಡ ಅಂತ ಕೇಳಿಕೊಳ್ಳುವುದು. ನಿಮ್ಮ ಶುಭಾಶಯ ಬೇಡ ಅಂತ ಅಲ್ಲ, ಓಣಿಯಲ್ಲಿ ಸಿಕ್ಕಾಗ ಬಾಯ್ತುಂಬ ಹೇಳಿ. ರಾತ್ರಿ 10ರಿಂದ ಬೆಳಗ್ಗೆ 6ರ ತನಕ ಗುಂಪು ಸುಮ್ಮನಿರಲಿ. ಆ ಹೊತ್ತಿಗೆ ಮೆಸೇಜು ಬಂದರೆ ಏನೋ ಆಗಿದೆ ಅಂತ ಎಲ್ಲರೂ ಎದ್ದು ನೋಡುವಂತಿರಬೇಕು. ನೀರು ಒಳಗೆ ಬಂದರೆ, ವಯರ್ ತುಂಡಾಗಿ ಬಿದ್ದರೆ, ಯಾರಿಗಾದರೂ ಎದೆನೋವು ಬಂದರೆ ಯಾವ ಹೊತ್ತಾದರೂ ಬರೆಯಿರಿ, ಬರೆದು ಕೂರಬೇಡಿ, ನನಗೆ ಫೋನೂ ಮಾಡಿ. 112, ಆಂಬುಲೆನ್ಸಿನ 108, ಜಿಲ್ಲಾ ಕಂಟ್ರೋಲ್ ರೂಮಿನ 1077 ಈಗಲೇ ಫೋನಿನಲ್ಲಿ ಸೇವ್ ಮಾಡಿಕೊಳ್ಳಿ.

ಕರೆಂಟು ಹೋದರೆ ‘ನಿಮ್ಮಲ್ಲಿ ಉಂಟಾ?’ ಅಂತ ಇಪ್ಪತ್ತು ಜನ ಕೇಳುವ ಬದಲು ಒಬ್ಬರು ಮೆಸ್ಕಾಂನ 1912ಕ್ಕೆ ಕರೆ ಮಾಡಿ, ಅವರು ಕೊಟ್ಟ ದೂರಿನ ನಂಬರನ್ನು ಇಲ್ಲಿ ಹಾಕಿ. ಮಿಕ್ಕವರು ಅದನ್ನು ನೋಡಿಕೊಂಡರೆ ಸಾಕು. ಏಪ್ರಿಲ್, ಮೇ ತಿಂಗಳಲ್ಲಿ ಬಜೆ ಅಣೆಕಟ್ಟಿನಲ್ಲಿ ನೀರು ಇಳಿದರೆ ನಗರಸಭೆಯ ನೀರು ದಿನ ಬಿಟ್ಟು ಬರಬಹುದು. ಆ ಸಮಯದಲ್ಲಿ ಬಾವಿ ಇರುವ ಮನೆಯವರು ಕೊಡುತ್ತಾರೆ, ಕೇಳಿ.

ಮಳೆಗಾಲದಲ್ಲಿ ಶಾಲೆಗೆ ರಜೆ ಅಂತ ಒಂದು ಕಾಗದದ ಫೋಟೋ ಬಂದೇ ಬರುತ್ತದೆ. ಫಾರ್ವರ್ಡ್ ಮಾಡುವ ಮೊದಲು ತಾರೀಕು ಓದಿ. ಹೋದ ವರ್ಷದ ಆದೇಶ ನಂಬಿ ನಮ್ಮ ಓಣಿಯ ಒಬ್ಬ ಹುಡುಗ ಪರೀಕ್ಷೆ ತಪ್ಪಿಸಿಕೊಂಡಿದ್ದಾನೆ. ಜಿಲ್ಲಾಧಿಕಾರಿಗಳ ಕಚೇರಿಯಿಂದಲೋ ನಿಮ್ಮ ಶಾಲೆಯಿಂದಲೋ ಖಾತ್ರಿಯಾದ ಮೇಲೆ ಹಾಕಿ.

ರಕ್ತ ಬೇಕೆಂಬ ಮೆಸೇಜಿನ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿ. ರಕ್ತದ ಗುಂಪು, ಎಷ್ಟು ಯೂನಿಟ್, ಯಾವ ಆಸ್ಪತ್ರೆ, ಇವತ್ತಿನ ತಾರೀಕು, ಯಾವ ಗಂಟೆಯ ಒಳಗೆ ಬೇಕು, ಇವೆಲ್ಲ ಇರಲಿ. ಬೇರೆ ಕಡೆಯಿಂದ ಬಂದದ್ದಾದರೆ ಅದರಲ್ಲಿರುವ ನಂಬರಿಗೆ ನೀವೇ ಮೊದಲು ಕರೆ ಮಾಡಿ ಕೇಳಿ. ರಕ್ತ ಸಿಕ್ಕಿದ ಕೂಡಲೇ ‘ಸಿಕ್ಕಿತು’ ಅಂತ ಬರೆದು ಮೆಸೇಜನ್ನು ಅಳಿಸಿ. ನನ್ನ ತಂಗಿಯ ಗಂಡ ತೀರಿಕೊಂಡು ಎಂಟು ತಿಂಗಳಾದ ಮೇಲೂ ಅವಳ ಫೋನಿಗೆ ‘ಬಿ ನೆಗೆಟಿವ್ ಬೇಕಿತ್ತಾ, ನಾನು ಕೊಡುತ್ತೇನೆ’ ಅಂತ ಕರೆ ಬರುತ್ತಿತ್ತು. ಒಳ್ಳೆಯ ಮನಸ್ಸಿನವರೇ ಕರೆ ಮಾಡಿದ್ದು. ಅವಳು ಪ್ರತಿಯೊಬ್ಬರಿಗೂ ಥ್ಯಾಂಕ್ಸ್ ಹೇಳಿ ಫೋನ್ ಇಟ್ಟು ಅಳುತ್ತಿದ್ದಳು.

ಮಾರಾಟ ಭಾನುವಾರ ಮಾತ್ರ. ಹಪ್ಪಳ, ಸಾಂತಾಣಿ, ಮಟ್ಟುಗುಳ್ಳ, ಶಂಕರಪುರ ಮಲ್ಲಿಗೆ, ಟ್ಯೂಷನ್, ಹೊಲಿಗೆ, ಎಲ್ಲ ಹಾಕಿ, ರೇಟು ಸಮೇತ. ನಾನೂ ಕೊಳ್ಳುತ್ತೇನೆ. ಒಟಿಪಿ ಕೇಳುವ, ಲಿಂಕ್ ಒತ್ತಿಸುವ ಯಾವುದೂ ಬೇಡ. ಹಣ ಹೋದರೆ ನಾಚಿಕೆ ಪಡದೆ ತಕ್ಷಣ 1930ಕ್ಕೆ ಕರೆ ಮಾಡಿ.

ಪಕ್ಷ, ಜಾತಿ, ಧರ್ಮದ ವಾದ ಇಲ್ಲಿ ಬೇಡ. ಆ ಬೆಳಗ್ಗೆ ಅಜ್ಜಿಯನ್ನು ಹೊತ್ತು ತಂದ ನಾಲ್ಕು ಜನ ನಾಲ್ಕು ಮನೆಯವರು, ಮನೆಯಲ್ಲಿ ಆಡುವ ಭಾಷೆಯೂ ಬೇರೆ ಬೇರೆ. ಯಾರಾದರೂ ತಪ್ಪಿದರೆ ನಾನು ಒಮ್ಮೆಗೇ ತೆಗೆದುಹಾಕುವುದಿಲ್ಲ, ಫೋನ್ ಮಾಡಿ ಮಾತಾಡುತ್ತೇನೆ. ನನ್ನಿಂದ ತಪ್ಪಾದರೆ ನೀವೂ ಹಾಗೇ ಮಾಡಿ.

ಇಲ್ಲಿ ತುಳುವಿನಲ್ಲೇ ಯೋಚನೆ ಮಾಡುವವರು ತುಂಬ ಜನ. ಅವರಿಗೆ ಇದೇ ಮಾತು ತುಳುವಿನಲ್ಲಿ:

ಮಾತೆರೆಗ್‌ಲಾ ಮೋಕೆದ ಸೊಲ್ಮೆಲು. ಪೊಸತಾದ್ ಬತ್ತಿನಕ್ಲೆಗ್ ಸ್ವಾಗತ.

ಸುರುಕು ಈರೆನ ಪುದರ್, ಇಲ್ಲ್ ಓಲು ಪಂದ್ ಒಂಜಿ ಸಾಲ್ ಬರೆಲೆ.

ಗುಡ್ ಮಾರ್ನಿಂಗ್‌ದ ಪಟೊ ಮುಲ್ಪ ಪಾಡೊಡ್ಚಿ, ಬೇಜಾರ್ ಮಲ್ಪೊಡ್ಚಿ. ರಾತ್ರೆ 10 ಗಂಟೆಡ್ದ್ ಕಾಂಡೆ 6 ಗಂಟೆ ಮುಟ್ಟ ಮೆಸೇಜ್ ಬೊಡ್ಚಿ. ಆಂಡ ಇಲ್ಲದ ಉಲಾಯಿ ನೀರ್ ಬತ್ತ್ಂಡ, ಕರೆಂಟ್‌ದ ವಯರ್ ಬೂರ್ಂಡ, ಏರೆಗಾಂಡಲಾ ಉಷಾರ್ ಇಜ್ಜಂಡ ಏಪಾಂಡಲಾ ಬರೆಲೆ, ಎಂಕ್ ಪೋನ್‌ಲಾ ಮಲ್ಪುಲೆ.

ಶಾಲೆಗ್ ರಜೆ ಪಂದ್ ಬತ್ತಿನ ಮೆಸೇಜ್‌ನ್ ನಿಜನಾ ಲೊಟ್ಟೆನಾ ಪಂದ್ ತೂದು ಬೊಕ್ಕ ಕಡಪುಡ್ಲೆ. ನೆತ್ತೆರ್ ಬೋಡು ಪಂದ್ ಬರೆಪುನಗ ತಾರೀಕ್ ಪಾಡ್ಲೆ, ತಿಕ್ಕಿ ಬೊಕ್ಕ ‘ತಿಕ್ಕ್ಂಡ್’ ಪಂದ್ ಬರೆದ್ ಮೆಸೇಜ್‌ನ್ ದೆಪ್ಪುಲೆ.

ಮಾರುನ, ಗೆತೊನುನ ಪಾತೆರ ಐತಾರ ಮಾತ್ರ.

ಜಾತಿ, ಧರ್ಮ, ಪಕ್ಷದ ಚರ್ಚೆ ಮುಲ್ಪ ಬೊಡ್ಚಿ. ಕೋಪ ಬತ್ತ್ಂಡ ಎಂಕ್ ಪೋನ್ ಮಲ್ಪುಲೆ, ಕುಲ್ಲುದು ಪಾತೆರ್ಗ.

ಬರೆಯೆರೆ ಬಂಗ ಆಂಡ ಪಾತೆರ್‌ದ್ ಕಡಪುಡ್ಲೆ. ತುಳು, ಕನ್ನಡ, ಕೊಂಕಣಿ, ಬ್ಯಾರಿ, ಒವ್ವಾಂಡಲಾ ಆವು.

ಈ ಶನಿವಾರ ಸಂಜೆ 5ಕ್ಕೆ, ಮಳೆ ಬಿಟ್ಟಿದ್ದರೆ, ತೋಡಿನ ಕಟ್ಟೆಯ ಉದ್ದಕ್ಕೂ ಒಮ್ಮೆ ನಡೆದು ಬರೋಣ. ಎಲ್ಲಿ ಕಸ ಸಿಕ್ಕಿ ನೀರು ನಿಲ್ಲುತ್ತದೆ, ನೀರು ಮೊದಲು ಯಾವ ಮನೆಗೆ ಬರುತ್ತದೆ, ಹೊಸಬರಿಗೆ ತೋರಿಸುತ್ತೇನೆ. ಚಪ್ಪಲಿ ಜಾರದಂಥದ್ದು ಹಾಕಿಕೊಂಡು ಬನ್ನಿ. ಚಹಾ ನಮ್ಮ ಮನೆಯಲ್ಲಿ.

ನಿಮ್ಮ
ಟೀಚರಕ್ಕ
(ಹಸಿರು ಗೇಟಿನ ಮನೆ, ಅಡ್ಮಿನ್)