ಬೆಳಕಿನ ಬಣ್ಣ ಮತ್ತು ಹೆಸರುಗಿಡದ ಬೆಳವಣಿಗೆ: ವಿಜ್ಞಾನ ಪ್ರದರ್ಶನ ವರದಿ

ತಂಡ: 9ನೇ ತರಗತಿ, ಕನ್ನಡ ಮಾಧ್ಯಮ, ಮಾಟುಂಗಾ, ಮುಂಬಯಿ
ಅವಧಿ: ಡಿಸೆಂಬರ್ ತಿಂಗಳ 14 ದಿನ

ಪ್ರಶ್ನೆ

ಗಿಡಕ್ಕೆ ಸಿಗುವ ಬೆಳಕಿನ ಪ್ರಮಾಣ ಒಂದೇ ಇದ್ದು ಬಣ್ಣ ಮಾತ್ರ ಬದಲಾದರೆ ಬೆಳವಣಿಗೆ ಬದಲಾಗುತ್ತದೆಯೇ? "ಪ್ರಮಾಣ ಒಂದೇ ಇದ್ದು" ಎಂಬ ಮಾತಿನಲ್ಲೇ ಈ ಪ್ರಯೋಗದ ಕಷ್ಟವೆಲ್ಲ ಇದೆ.

ಪ್ರಾಕ್ಕಲ್ಪನೆ

ಪತ್ರಹರಿತ್ತು ನೀಲಿ ಮತ್ತು ಕೆಂಪು ಬೆಳಕನ್ನು ಹೆಚ್ಚು ಹೀರುತ್ತದೆ, ಹಸಿರನ್ನು ಕಡಿಮೆ. ಹಾಗಾಗಿ ಕೆಂಪು ಮತ್ತು ನೀಲಿ ಬೆಳಕಿನ ಗಿಡಗಳ ಒಣತೂಕ ಹೆಚ್ಚಿರಬೇಕು. ಹಸಿರು ಬೆಳಕಿನ ಗಿಡಗಳ ಒಣತೂಕ ಕತ್ತಲಲ್ಲಿಟ್ಟವುಗಳಷ್ಟೇ ಇರಬೇಕು.

ಚರಾಂಶಗಳು

ಸ್ವತಂತ್ರ ಚರ ಬೆಳಕಿನ ಬಣ್ಣ: ಬಿಳಿ, ಕೆಂಪು (ಸುಮಾರು 630 ನ್ಯಾನೋಮೀಟರ್), ನೀಲಿ (460), ಹಸಿರು (525). ಬಿಳಿ ಹೋಲಿಕೆಯ ಗುಂಪು. ಐದನೆಯದು ಪೂರ್ತಿ ಕತ್ತಲ ಪೆಟ್ಟಿಗೆ. ಅವಲಂಬಿತ ಚರಗಳು ಒಣತೂಕ, ಕಾಂಡದ ಎತ್ತರ ಮತ್ತು ಮೊದಲ ಜೋಡಿ ಎಲೆಗಳ ವಿಸ್ತೀರ್ಣ. ಬೀಜದ ತಳಿ, ಮರಳು, ನೀರು, ದಿನಕ್ಕೆ 12 ಗಂಟೆ ಬೆಳಕು, ಗಿಡಕ್ಕೆ ತಲುಪುವ ಬೆಳಕಿನ ಕಣಗಳ (ಫೋಟಾನ್) ಸಂಖ್ಯೆ ಎಲ್ಲ ಪೆಟ್ಟಿಗೆಗಳಿಗೂ ಸಮಾನ. ಕತ್ತಲ ಪೆಟ್ಟಿಗೆಗೆ ಬೆಳಕಿನ ಮಾತಿಲ್ಲ.

ಬೆಳಕನ್ನು ಸಮ ಮಾಡಿದ ಬಗೆ

ಬಿಳಿ ಬಲ್ಬಿಗೆ ಬಣ್ಣದ ಜಿಲೇಟಿನ್ ಕಾಗದ ಸುತ್ತಿ ಮಾಡಿದ ಮೊದಲ ಪ್ರಯತ್ನವನ್ನು ಕೈಬಿಡಲಾಯಿತು. ಅಂಥ ಕಾಗದ ಶುದ್ಧ ಬಣ್ಣ ಕೊಡುವುದಿಲ್ಲ. ಹಸಿರು ಕಾಗದದ ಮೂಲಕವೂ ಬೇರೆ ಬಣ್ಣಗಳು ನುಸುಳುತ್ತವೆ, ಒಂದೊಂದು ಕಾಗದ ತಡೆಯುವ ಬೆಳಕೂ ಒಂದೊಂದು ಪ್ರಮಾಣ. ಆಗ ಗಿಡ ಸೊರಗಿದ್ದು ಬಣ್ಣದಿಂದಲೋ ಬೆಳಕು ಕಡಿಮೆಯಾಗಿದ್ದರಿಂದಲೋ ಹೇಳಲಾಗದು. ಬದಲಿಗೆ ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಯಿಂದ ತಂದ 12 ವೋಲ್ಟಿನ ಎಲ್‌ಇಡಿ ಪಟ್ಟಿಗಳನ್ನು ಬಳಸಲಾಯಿತು.

ಎರಡನೆಯ ತೊಡಕು ಲಕ್ಸ್ ಮೀಟರಿನದು. ಲಕ್ಸ್ ಎನ್ನುವುದು ಮನುಷ್ಯನ ಕಣ್ಣಿನ ಅಳತೆ. ನಮ್ಮ ಕಣ್ಣಿಗೆ 555 ನ್ಯಾನೋಮೀಟರಿನ ಹಳದಿ-ಹಸಿರು ಅತ್ಯಂತ ಪ್ರಕಾಶ, ನೀಲಿ ಬಹಳ ಮಂದ. ನಾಲ್ಕೂ ಪೆಟ್ಟಿಗೆಗೆ 2,000 ಲಕ್ಸ್ ಇಟ್ಟರೆ ನೀಲಿ ಗಿಡಕ್ಕೆ ಹಸಿರು ಗಿಡಕ್ಕಿಂತ ಹತ್ತು ಪಟ್ಟಿಗೂ ಮೀರಿ ಫೋಟಾನ್ ಸಿಗುತ್ತದೆ. ದ್ಯುತಿಸಂಶ್ಲೇಷಣೆಗೆ ಲೆಕ್ಕಕ್ಕೆ ಬರುವುದು ಫೋಟಾನ್. ಆದ್ದರಿಂದ ಪ್ರತಿ ಚದರ ಮೀಟರಿಗೆ ಸೆಕೆಂಡಿಗೆ 40 ಮೈಕ್ರೋಮೋಲ್ ಎಂಬ ಗುರಿಯಿಟ್ಟು, ಕಣ್ಣಿನ ಸಂವೇದನೆಯ ಪಟ್ಟಿಯಿಂದ ಲೆಕ್ಕ ಹಾಕಿದಾಗ ಬೇಕಾದ ಲಕ್ಸ್ ಹೀಗೆ ಬಂತು: ಬಿಳಿ 2,800, ಕೆಂಪು 1,400, ನೀಲಿ 430, ಹಸಿರು 4,900. ಪಟ್ಟಿ ಅಂಟಿಸಿದ ಹಲಗೆಯನ್ನು ಮೇಲೆ-ಕೆಳಗೆ ಸರಿಸಿ ಮರಳಿನ ಮಟ್ಟದಲ್ಲಿ ಈ ಅಳತೆಗೆ ತರಲಾಯಿತು. ಹಸಿರಿಗೆ ಒಂದು ಮೀಟರ್ ಪಟ್ಟಿ ಸಾಲದೆ ಎರಡು ಮೀಟರ್ ಹಾಕಬೇಕಾಯಿತು. ನೋಡುವವರಿಗೆ ನೀಲಿ ಪೆಟ್ಟಿಗೆ ಮಂಕಾಗಿ ಕಾಣುತ್ತದೆ. ಅದು ತಪ್ಪಲ್ಲ, ಹಾಗೇ ಕಾಣಬೇಕು.

ವಿಧಾನ

45 ಸೆಂ.ಮೀ. ಎತ್ತರದ ಐದು ರಟ್ಟಿನ ಪೆಟ್ಟಿಗೆಗಳ ಒಳಗೆ ಅಲ್ಯುಮಿನಿಯಂ ಹಾಳೆ ಅಂಟಿಸಿ, ಗಾಳಿಗೆ ಹಿಂಬದಿಯಲ್ಲಿ ಎರಡು ತೂತು ಕೊರೆದು, ತೂತಿನ ಮುಂದೆ ಕಪ್ಪು ರಟ್ಟನ್ನು ಮಡಿಸಿ ನಿಲ್ಲಿಸಲಾಯಿತು. ಹೀಗೆ ಮಾಡಿದರೆ ಗಾಳಿ ತಿರುಗಿ ಒಳಬರುತ್ತದೆ, ಬೆಳಕು ಬರುವುದಿಲ್ಲ.

ಒಂದೇ ಪೊಟ್ಟಣದ ಹೆಸರುಕಾಳನ್ನು 8 ಗಂಟೆ ನೆನೆಸಿ, ಒದ್ದೆ ಬಟ್ಟೆಯಲ್ಲಿ ಒಂದು ರಾತ್ರಿ ಕಟ್ಟಿಟ್ಟು, ಮೊಳಕೆ ಸುಮಾರು 5 ಮಿ.ಮೀ. ಬಂದವನ್ನೇ ಆರಿಸಿ ಬಿತ್ತಲಾಯಿತು. ಒಂದು ಲೋಟಕ್ಕೆ ಮೂರು ಕಾಳಿನಂತೆ ಪೆಟ್ಟಿಗೆಗೆ ನಾಲ್ಕು ಲೋಟ, 12 ಗಿಡ. ಮಣ್ಣಿನ ಬದಲು ತೊಳೆದ ಹೊಳೆಮರಳು ಹಾಕಿದ್ದಕ್ಕೆ ಕಾರಣವಿದೆ: ಕೊನೆಗೆ ಬೇರು ತೊಳೆದಾಗ ಮರಳು ಪೂರ್ತಿ ಬಿಟ್ಟುಹೋಗುತ್ತದೆ, ತೆಂಗಿನ ನಾರಿನ ಪುಡಿ ಬೇರಿಗೆ ಅಂಟಿ ತೂಕ ಕೆಡಿಸುತ್ತದೆ. ಕಡಲತೀರದ ಮರಳು ಉಪ್ಪಿನಿಂದಾಗಿ ಬೇಡ.

ದಿನಕ್ಕೊಮ್ಮೆ ಲೋಟಕ್ಕೆ 15 ಮಿ.ಲೀ. ನೀರನ್ನು ಸಿರಿಂಜಿನಲ್ಲಿ ಅಳೆದು ಹಾಕಲಾಯಿತು. ಮುಂಬಯಿಯ ತೇವದ ಗಾಳಿಯಲ್ಲಿ ಮುಚ್ಚಿದ ಪೆಟ್ಟಿಗೆಗೆ ಇದಕ್ಕಿಂತ ಹೆಚ್ಚು ಹಾಕಿದರೆ ಬುಡ ಕೊಳೆತು ಸಸಿ ಮಲಗುತ್ತದೆ. ಕತ್ತಲ ಪೆಟ್ಟಿಗೆಗೆ ರಾತ್ರಿ ದೀಪ ಆರಿಸಿ ನೀರು ಹಾಕಬೇಕು, ಏಕೆಂದರೆ ಸ್ವಲ್ಪ ಹೊತ್ತಿನ ಬೆಳಕು ತಾಗಿದರೂ ಸಸಿಯ ತಲೆಯ ಕೊಕ್ಕೆ ಬಿಚ್ಚಲು ಶುರುವಾಗುತ್ತದೆ. ಮೇಜಿನ ಮೇಲೆ ಪೆಟ್ಟಿಗೆಗಳ ಜಾಗವನ್ನು ಎರಡು ದಿನಕ್ಕೊಮ್ಮೆ ಬದಲಿಸಲಾಯಿತು.

14ನೇ ದಿನ ಎತ್ತರ ಅಳೆದು, ಎಲೆಯ ಅಂಚನ್ನು ಗ್ರಾಫ್ ಹಾಳೆಯ ಮೇಲೆ ಗೆರೆ ಎಳೆದು ಚೌಕ ಎಣಿಸಿ, ಬೇರು ಸಹಿತ ಗಿಡಗಳನ್ನು 70 ಡಿಗ್ರಿಯಲ್ಲಿ ಒಂದು ಪೂರ್ತಿ ದಿನ ಒಣಗಿಸಲಾಯಿತು. ತಕ್ಕಡಿ 0.01 ಗ್ರಾಂವರೆಗೆ ಮಾತ್ರ ತೋರಿಸುತ್ತದೆ. ಒಂದೇ ಗಿಡ ತೂಗಿದರೆ ದೋಷವೇ ದೊಡ್ಡದು, ಹಾಗಾಗಿ ಪೆಟ್ಟಿಗೆಯ ಎಲ್ಲ ಗಿಡಗಳನ್ನು ಒಟ್ಟಿಗೆ ತೂಗಿ ಸಂಖ್ಯೆಯಿಂದ ಭಾಗಿಸಲಾಗಿದೆ.

ಫಲಿತಾಂಶ (ಒಂದು ಗಿಡದ ಸರಾಸರಿ)

| ಬೆಳಕು | ಉಳಿದ ಗಿಡ | ಎತ್ತರ, ಸೆಂ.ಮೀ. | ಎಲೆ, ಚದರ ಸೆಂ.ಮೀ. | ಒಣತೂಕ, ಮಿ.ಗ್ರಾಂ |
|---|---|---|---|---|
| ಬಿಳಿ | 12 | 17.2 | 11.4 | 62 |
| ಕೆಂಪು | 12 | 22.4 | 9.1 | 58 |
| ನೀಲಿ | 12 | 12.8 | 8.8 | 51 |
| ಹಸಿರು | 11 | 24.1 | 7.2 | 45 |
| ಕತ್ತಲು | 9 | 31.5 | 0.9 | 25 |

ಬಿತ್ತುವ ಮೊದಲು ಒಣ ಕಾಳಿನ ಸರಾಸರಿ ತೂಕ 36 ಮಿ.ಗ್ರಾಂ.

ವಿಶ್ಲೇಷಣೆ

ಎತ್ತರದ ಅಂಕಣವನ್ನಷ್ಟೇ ಓದಿದರೆ ಕತ್ತಲಲ್ಲೇ ಗಿಡ ಚೆನ್ನಾಗಿ ಬೆಳೆಯುತ್ತದೆ ಎನ್ನಬೇಕಾಗುತ್ತದೆ. ಎಷ್ಟೋ ಪ್ರದರ್ಶನಗಳಲ್ಲಿ ಸ್ಕೇಲ್ ಹಿಡಿದು ಎತ್ತರ ಅಳೆದು ಅಲ್ಲಿಗೇ ನಿಲ್ಲಿಸುವುದರಿಂದ ತಪ್ಪು ತೀರ್ಮಾನ ಬರುತ್ತದೆ. ಕತ್ತಲ ಗಿಡ 31.5 ಸೆಂ.ಮೀ. ಉದ್ದವಿದ್ದರೂ ಅದರ ಒಣತೂಕ ತಾನು ಹುಟ್ಟಿದ ಕಾಳಿಗಿಂತ 11 ಮಿ.ಗ್ರಾಂ ಕಡಿಮೆ. ಬೀಜದಳದ ಆಹಾರವನ್ನು ಉಸಿರಾಟಕ್ಕೆ ಸುಡುತ್ತಾ, ಕೋಶಗಳಲ್ಲಿ ನೀರು ತುಂಬಿಕೊಂಡು, ಬೆಳಕು ಹುಡುಕುತ್ತ ಅದು ಉದ್ದವಾಗಿದೆ. ಹೊಸ ಆಹಾರವನ್ನೇನೂ ತಯಾರಿಸಿಲ್ಲ. ಕಾಳಿನಲ್ಲಿ ಇಷ್ಟು ದಾಸ್ತಾನು ಇರುವುದರಿಂದಲೇ ಪ್ರಯೋಗವನ್ನು ಐದಾರು ದಿನಕ್ಕೆ ಮುಗಿಸಬಾರದು. ಆಗ ಐದೂ ಪೆಟ್ಟಿಗೆಗಳು ಬಹುತೇಕ ಬೀಜದಳದ ಮೇಲೆಯೇ ಬದುಕುತ್ತಿರುತ್ತವೆ.

ನೀಲಿಯಲ್ಲಿ ಗಿಡ ಗಿಡ್ಡ, ಕಾಂಡ ದಪ್ಪ. ಗಿಡದಲ್ಲಿರುವ ಕ್ರಿಪ್ಟೋಕ್ರೋಮ್ ಎಂಬ ಗ್ರಾಹಕ ನೀಲಿ ಬೆಳಕನ್ನು ಗುರುತಿಸಿ ಕಾಂಡ ಉದ್ದವಾಗುವುದನ್ನು ತಡೆಯುತ್ತದೆ. ಕೆಂಪಿನಲ್ಲೂ ಹಸಿರಿನಲ್ಲೂ ಆ ತಡೆ ದುರ್ಬಲ, ಹಾಗಾಗಿ ಕಾಂಡ ನೀಳ.

ಹಸಿರಿನ ಅಂಕಿ ಪ್ರಾಕ್ಕಲ್ಪನೆಗೆ ಒಪ್ಪಲಿಲ್ಲ. 45 ಮಿ.ಗ್ರಾಂ ಎಂದರೆ ಕಾಳಿಗಿಂತ 9 ಹೆಚ್ಚು, ಅಂದರೆ ದ್ಯುತಿಸಂಶ್ಲೇಷಣೆ ನಡೆದಿದೆ. ಎಲೆ ಹಸಿರಾಗಿ ಕಾಣುವುದು ಅದು ಹಸಿರನ್ನು ಪೂರ್ತಿ ವಾಪಸ್ ಕಳಿಸುವುದರಿಂದ ಅಲ್ಲ, ಉಳಿದ ಬಣ್ಣಗಳಿಗಿಂತ ಹೆಚ್ಚು ಕಳಿಸುವುದರಿಂದ. ಎಲೆಯೊಳಗೆ ಹೊಕ್ಕ ಹಸಿರು ಬೆಳಕು ಕೋಶದಿಂದ ಕೋಶಕ್ಕೆ ಚದುರುತ್ತಾ ಬಹುಪಾಲು ಹೀರಲ್ಪಡುತ್ತದೆ. 1972ರಲ್ಲಿ ಮೆಕ್‌ಕ್ರೀ ಹಲವು ಬೆಳೆಗಳ ಎಲೆಗಳ ಮೇಲೆ ಮಾಡಿದ ಅಳತೆಗಳಲ್ಲೂ ಹಸಿರು ಬೆಳಕು ಸಾಕಷ್ಟು ಕೆಲಸ ಮಾಡುತ್ತದೆ ಎಂದು ಕಂಡಿತ್ತು.

ದೋಷಗಳು

ಎತ್ತರ ಬೆಳೆದ ಗಿಡದ ತುದಿ ದೀಪಕ್ಕೆ ಹತ್ತಿರವಾಗಿ ಹೆಚ್ಚು ಬೆಳಕು ಪಡೆಯುತ್ತದೆ. ಕೆಂಪು ಮತ್ತು ಹಸಿರಿಗೆ ಇದರಿಂದ ಸ್ವಲ್ಪ ಲಾಭವಾಗಿದೆ. ಎರಡು ಪಟ್ಟಿ ಇದ್ದ ಹಸಿರು ಪೆಟ್ಟಿಗೆಯ ಒಳಗೆ ಶಾಖ 1.5 ಡಿಗ್ರಿ ಹೆಚ್ಚಿತ್ತು. ಅಗ್ಗದ ಲಕ್ಸ್ ಮೀಟರ್ ನೀಲಿಯಲ್ಲಿ ಅಷ್ಟು ನಿಖರವಲ್ಲ, ಹಾಗಾಗಿ ನೀಲಿಯ 51 ಮತ್ತು ಕೆಂಪಿನ 58ರ ನಡುವಿನ ಅಂತರವನ್ನು ಖಚಿತವೆಂದು ಹೇಳುವುದಿಲ್ಲ. ಒಣಗಿ ಉದುರಿದ ಬೀಜದಳಗಳನ್ನು ಯಾವ ಪೆಟ್ಟಿಗೆಯಲ್ಲೂ ತೂಗಿಲ್ಲ.

ತೀರ್ಮಾನ

ಪ್ರಾಕ್ಕಲ್ಪನೆಯ ಮೊದಲ ಭಾಗಕ್ಕೆ ಬೆಂಬಲ ಸಿಕ್ಕಿದೆ: ಸಮಾನ ಫೋಟಾನ್ ಕೊಟ್ಟಾಗ ಕೆಂಪು ಮತ್ತು ನೀಲಿ ಬೆಳಕಿನಲ್ಲಿ ಹಸಿರಿಗಿಂತ ಹೆಚ್ಚು ಒಣತೂಕ ಬಂದಿದೆ. ಎರಡನೆಯ ಭಾಗ ತಪ್ಪು. ಹಸಿರು ಬೆಳಕು ಕತ್ತಲಿಗೆ ಸಮವಲ್ಲ. ಬಣ್ಣ ಒಣತೂಕಕ್ಕಿಂತ ಗಿಡದ ಆಕಾರವನ್ನು ಹೆಚ್ಚು ಬದಲಿಸಿದೆ. ಒಂದೇ ಬಣ್ಣದ ಯಾವ ಬೆಳಕೂ ಬಿಳಿಯನ್ನು ಮೀರಿಸಿಲ್ಲ. ಮುಂದಿನ ಸುತ್ತಿನಲ್ಲಿ ಕೆಂಪು ಮೂರು ಪಾಲು, ನೀಲಿ ಒಂದು ಪಾಲು ಬೆರೆಸಿ, ಅದೇ 40 ಮೈಕ್ರೋಮೋಲಿಗೆ ತಂದು, ಪೆಟ್ಟಿಗೆಗೆ 24 ಗಿಡಗಳೊಂದಿಗೆ ಬಿಳಿಯ ಎದುರು ಹೋಲಿಸಲಾಗುವುದು.