ಬಿಪಿ ಮಾತ್ರೆ ಜೊತೆ ಆ ಗಿಡಮೂಲಿಕೆ ಗುಳಿಗೆ ಬೇಡ

ನಮಸ್ಕಾರ ಅಮ್ಮಾ. ನೀವು ಕಳಿಸಿದ ಗಿಡಮೂಲಿಕೆ ಗುಳಿಗೆ ಡಬ್ಬಿಯ ಫೋಟೋ ದೊಡ್ಡದು ಮಾಡಿ ಓದಿದೆ. ಹಿಂಭಾಗದಲ್ಲಿ ಸಣ್ಣ ಅಕ್ಷರದಲ್ಲಿ ಮೊದಲನೇ ಹೆಸರೇ ಸರ್ಪಗಂಧ. ಅದರ ಬೇರಿನಲ್ಲಿ ರೆಸರ್ಪಿನ್ ಇರುತ್ತದೆ. ಒಂದು ಕಾಲದಲ್ಲಿ ಅದನ್ನೇ ಬಿಪಿ ಔಷಧಿಯಾಗಿ ಕೊಡುತ್ತಿದ್ದರು. ನೀವು ಬಿಪಿಗೆ ಬೆಳಿಗ್ಗೆ ಟೆಲ್ಮಿಸಾರ್ಟನ್ 40, ರಾತ್ರಿ ಆಮ್ಲೋಡಿಪಿನ್ 5 ತಗೋತೀರಿ. ಇದೂ ಸೇರಿದರೆ ಬಿಪಿ ತೀರಾ ಇಳಿಯಬಹುದು. ಎರಡು ದಿನದಿಂದ ಹಾಸಿಗೆಯಿಂದ ಏಳುವಾಗ ತಲೆ ಸುತ್ತುತ್ತಿದೆ ಅಂದಿರಲ್ಲ, ನನಗೆ ಅನುಮಾನ ಇದರ ಮೇಲೇ.

ಗುಳಿಗೆ ಇವತ್ತೇ ನಿಲ್ಲಿಸಿ. ಡಾಕ್ಟರ್ ಬರೆದ ಮಾತ್ರೆಗಳನ್ನು ನೀವಾಗಿಯೇ ಬಿಡಬೇಡಿ. ಸಂಜೆ ನಮ್ಮ ಔಷಧಿ ಅಂಗಡಿಗೆ ಬನ್ನಿ, ಕೂತಾಗೊಮ್ಮೆ ನಿಂತಾಗೊಮ್ಮೆ ಬಿಪಿ ನೋಡೋಣ. ಮೇಲಿನದು 100ಕ್ಕಿಂತ ಕಡಿಮೆ ಬಂದರೆ ಅಲ್ಲಿಂದಲೇ ಡಾಕ್ಟರಿಗೆ ಫೋನ್ ಮಾಡೋಣ. ಅಷ್ಟರೊಳಗೆ ಕಣ್ಣು ಕತ್ತಲೆ ಬಂದು ಬಿದ್ದರೆ ಕಾಯಬೇಡಿ, ಸೀದಾ ಆಸ್ಪತ್ರೆಗೆ.

ಇನ್ನು ಕೆಮ್ಮಿಗೆ ಅಂತ ದಿನಾ ಅಗಿಯುವ ಜ್ಯೇಷ್ಠಮಧು. ಅದು ಉಲ್ಟಾ, ಬಿಪಿ ಏರಿಸುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ. ಅದನ್ನೂ ಬಿಡಿ. ಸಾರಿಗೆ ಹಾಕುವ ಬೆಳ್ಳುಳ್ಳಿಗೆ ನನ್ನ ತಕರಾರಿಲ್ಲ. ಬರುವಾಗ ಮನೆಯಲ್ಲಿರುವ ಎಲ್ಲಾ ಡಬ್ಬಿ, ಚೂರ್ಣ ಒಂದು ಚೀಲಕ್ಕೆ ಹಾಕಿಕೊಂಡು ಬನ್ನಿ, ಲೇಬಲ್ ಇಲ್ಲದ್ದನ್ನೂ.