ಶಾಕ್ ಮೇಲೆ 10 ಎಂಸಿಕ್ಯೂ, ಕಾರಣ ಸಮೇತ

ಶುಕ್ರವಾರ ಇಂಟರ್ನಲ್ಸ್ ಇರೋ ಜೂನಿಯರ್ಸ್‌ಗೆ. ಬಿಪಿ = ಕಾರ್ಡಿಯಾಕ್ ಔಟ್‌ಪುಟ್ × ಎಸ್‌ವಿಆರ್, ಇದನ್ನ ಪಕ್ಕದಲ್ಲಿ ಬರ್ಕೊಂಡು ಕೂತ್ಕೊಳ್ಳಿ, ಪ್ರತಿ ಪ್ರಶ್ನೇಲೂ ಮೊದಲು ಬಿದ್ದಿದ್ದು ಯಾವ್ದು ಅಂತ ಕೇಳ್ಕೊಳ್ಳಿ.

1. ಆಕ್ಸಿಡೆಂಟ್ ಕೇಸ್, 28 ವರ್ಷ, ಪಲ್ಸ್ 114, ಬಿಪಿ 116/92, ಕೈ ತಣ್ಣಗೆ. ರಕ್ತ ಎಷ್ಟು ಹೋಗಿರಬಹುದು?
ಎ) 10% ಒಳಗೆ ಬಿ) 15–30% ಸಿ) 40% ಮೇಲೆ
ಉತ್ತರ: ಬಿ. 116 ನೋಡಿ ಸಮಾಧಾನ ಪಟ್ಕೋಬೇಡಿ. ಸಿಂಪಥೆಟಿಕ್ ನರಗಳು ರಕ್ತನಾಳ ಬಿಗಿ ಮಾಡಿ ಡಯಾಸ್ಟಾಲಿಕ್ ಎತ್ತಿ ಹಿಡಿದಿವೆ, ಸ್ಟ್ರೋಕ್ ವಾಲ್ಯೂಮ್ ಕಮ್ಮಿ ಆಗಿದೆ, ಅದಕ್ಕೇ ಪಲ್ಸ್ ಪ್ರೆಶರ್ ಬರೀ 24. ಸಿಸ್ಟಾಲಿಕ್ ಬೀಳೋದು ಸಾಮಾನ್ಯವಾಗಿ 30% ದಾಟಿದ್ಮೇಲೆ. ಕ್ಯಾಶುಯಾಲ್ಟೀಲಿ ಇಂಥ ಒಬ್ರ ಕೈ ಹಿಡ್ದಿದ್ದೆ, ಮಾನಿಟರ್‌ನಲ್ಲಿ ಬಿಪಿ ಚೆನ್ನಾಗೇ ಇತ್ತು, ಬೆರಳು ಮಾತ್ರ ಐಸ್, ಉಗುರು ಒತ್ತಿ ಬಿಟ್ರೆ ಕೆಂಪು ವಾಪಸ್ ಬರೋಕೆ 4 ಸೆಕೆಂಡ್.

2. ಬಿಪಿ ಬಿದ್ದಾಗ ಕೆರೋಟಿಡ್ ಸೈನಸ್ ಫೈರಿಂಗ್?
ಎ) ಕಮ್ಮಿ ಬಿ) ಜಾಸ್ತಿ ಸಿ) ಅಷ್ಟೇ
ಉತ್ತರ: ಎ. ತುಂಬಾ ಜನ ಉಲ್ಟಾ ಬರೀತಾರೆ. ಗೋಡೆ ಹಿಗ್ಗಿದ್ರೆ ಫೈರಿಂಗ್ ಜಾಸ್ತಿ, ಅದು ಸಿಂಪಥೆಟಿಕ್‌ಗೆ ಬ್ರೇಕ್. ಬಿಪಿ ಬಿದ್ರೆ ಬ್ರೇಕ್ ಬಿಟ್ಟಂಗೆ.

3. ಈಗಷ್ಟೇ ಜೋರಾಗಿ ರಕ್ತ ಹೋಗಿದೆ, ಹಿಮೋಗ್ಲೋಬಿನ್ ನಾರ್ಮಲ್. ಯಾಕೆ?
ಎ) ಲ್ಯಾಬ್ ತಪ್ಪು ಬಿ) ಸ್ಪ್ಲೀನ್ ತುಂಬಿಕೊಡ್ತು ಸಿ) ಕಣ, ಪ್ಲಾಸ್ಮಾ ಒಟ್ಟಿಗೇ ಹೋಗಿವೆ
ಉತ್ತರ: ಸಿ. ಆಮೇಲೆ ಕ್ಯಾಪಿಲರಿ ಹೈಡ್ರೋಸ್ಟ್ಯಾಟಿಕ್ ಪ್ರೆಶರ್ ಕಮ್ಮಿ ಆಗಿ ಟಿಶ್ಯೂ ನೀರು ಒಳಗೆ ಬರುತ್ತೆ, ಆಗ ಇಳಿಯುತ್ತೆ.

4. ಜ್ವರ, ಕೈಕಾಲು ಬೆಚ್ಚಗೆ, ಬಿಪಿ 84/40?
ಎ) ಕಾರ್ಡಿಯೋಜೆನಿಕ್ ಬಿ) ಸೆಪ್ಟಿಕ್ ಸಿ) ಹೈಪೋವೊಲೀಮಿಕ್
ಉತ್ತರ: ಬಿ. ಎಸ್‌ವಿಆರ್ ಬಿದ್ದಿದೆ.

5. ಕತ್ತಿನ ಸ್ಪೈನಲ್ ಕಾರ್ಡ್‌ಗೆ ಪೆಟ್ಟು, ಬಿಪಿ 80/50, ಪಲ್ಸ್?
ಎ) 130 ಬಿ) 110 ಸಿ) 52
ಉತ್ತರ: ಸಿ. ಸಿಂಪಥೆಟಿಕ್ ದಾರಿಯೇ ಕಟ್, ವೇಗಸ್ ಒಂದೇ ಉಳಿದಿದೆ, ಹಾರ್ಟ್ ಓಡೋಕೆ ಆಗಲ್ಲ. ಆದ್ರೂ ಟ್ರಾಮಾ ಕೇಸಲ್ಲಿ ಮೊದಲು ರಕ್ತಸ್ರಾವ ಇಲ್ಲ ಅಂತ ಖಾತ್ರಿ ಮಾಡ್ಕೊಳ್ಳಿ.

6. ಎದೆಗೆ ಚಾಕು, ಬಿಪಿ ಕಮ್ಮಿ, ಕತ್ತಿನ ವೇನ್ಸ್ ಉಬ್ಬಿವೆ, ಹಾರ್ಟ್ ಸೌಂಡ್ ಮಂದ?
ಎ) ಟ್ಯಾಂಪೊನೇಡ್ ಬಿ) ರಕ್ತಸ್ರಾವ ಸಿ) ಸೆಪ್ಸಿಸ್
ಉತ್ತರ: ಎ. ರಕ್ತ ಇದೆ, ಹಾರ್ಟ್ ತುಂಬ್ಕೊಳ್ಳೋಕೆ ಜಾಗ ಇಲ್ಲ.

7. ಇಂಜೆಕ್ಷನ್ ಆದ್ಮೇಲೆ ದದ್ದು, ವೀಜಿಂಗ್, ಬಿಪಿ 70. ಮೊದಲು?
ಎ) ಸ್ಟೀರಾಯ್ಡ್ ಬಿ) ಆಂಟಿಹಿಸ್ಟಮಿನ್ ಸಿ) ತೊಡೆಗೆ ಐಎಂ ಅಡ್ರಿನಲಿನ್
ಉತ್ತರ: ಸಿ. ನಾಳ ಬಿಗಿ ಮಾಡೋದು, ಶ್ವಾಸನಾಳ ತೆರೆಯೋದು ಎರಡೂ ಅದರ ಕೆಲಸ.

8. ಮೆಟೊಪ್ರೊಲಾಲ್ ತಗೊಳ್ತಿರೋರಿಗೆ ರಕ್ತ ಹೋದ್ರೆ ಯಾವ ಸುಳಿವು ಮರೆಯಾಗುತ್ತೆ?
ಎ) ತಣ್ಣನೆ ಚರ್ಮ ಬಿ) ಟ್ಯಾಕಿಕಾರ್ಡಿಯಾ ಸಿ) ಕಮ್ಮಿ ಯೂರಿನ್
ಉತ್ತರ: ಬಿ. ಪಲ್ಸ್ 76 ಇದ್ರೂ ನಂಬಬೇಡಿ.

9. ಶಾಕಲ್ಲಿ ಯೂರಿನ್ ಕಮ್ಮಿ ಮಾಡೋದು?
ಎ) ಎಎನ್‌ಪಿ ಬಿ) ಇನ್ಸುಲಿನ್ ಸಿ) ಆಲ್ಡೋಸ್ಟೆರೋನ್, ಎಡಿಎಚ್
ಉತ್ತರ: ಸಿ. ಒಂದು ಉಪ್ಪು ಹಿಡಿಯುತ್ತೆ, ಇನ್ನೊಂದು ನೀರು.

10. ದೊಡ್ಡ ಎಂಐ, ಲಂಗ್ಸಲ್ಲಿ ಕ್ರೆಪ್ಸ್, ಬಿಪಿ 82/60. ಕಾಂಪೆನ್ಸೇಷನ್ನೇ ಯಾಕೆ ಹಾನಿ?
ಎ) ಆಫ್ಟರ್‌ಲೋಡ್ ಏರುತ್ತೆ ಬಿ) ಪ್ರೀಲೋಡ್ ಬೀಳುತ್ತೆ ಸಿ) ಎಸ್‌ವಿಆರ್ ಬೀಳುತ್ತೆ
ಉತ್ತರ: ಎ. ರಕ್ತ ಹೋದವರನ್ನ ಉಳಿಸೋ ರಿಫ್ಲೆಕ್ಸೇ ಇಲ್ಲಿ ತಿರುಗಿ ಬೀಳುತ್ತೆ. ನಾಳ ಬಿಗಿಯಾದಷ್ಟೂ ಸೋತ ವೆಂಟ್ರಿಕಲ್‌ಗೆ ಹೊರೆ, ಪಲ್ಸ್ ಏರಿದಷ್ಟೂ ಡಯಾಸ್ಟೊಲಿ ಚಿಕ್ಕದಾಗಿ ಕೊರೊನರಿಗೆ ರಕ್ತ ಕಮ್ಮಿ, ಆಲ್ಡೋಸ್ಟೆರೋನ್ ಹಿಡಿದಿಟ್ಟ ನೀರು ಲಂಗ್ಸಿಗೆ. ಅದಕ್ಕೇ ಇಲ್ಲಿ ಕಣ್ಮುಚ್ಚಿ ಬಾಟ್ಲಿ ಮೇಲೆ ಬಾಟ್ಲಿ ಸಲೈನ್ ಹಾಕಬಾರದು.